ಬೆರಳಿಗೆ ಶಾಯಿ ಬೀಳುವ ಮುನ್ನ

"ಸಾರ್, ನನ್ನ ಹತ್ರ ವೋಟರ್ ಕಾರ್ಡ್ ಇದೆಯಲ್ಲ, ಮತ್ತೆ ಪಟ್ಟಿ ಯಾಕೆ ನೋಡ್ಬೇಕು?"

ಹೊಸ ಮತದಾರರಿಗೆ ನಾಲ್ಕು ಮಾತು ಹೇಳಿ ಎಂದು ಪದವಿ ಕಾಲೇಜೊಂದಕ್ಕೆ ಕರೆದಿದ್ದರು. ಎರಡನೇ ಸಾಲಿನಲ್ಲಿ ಕೂತ ಹುಡುಗಿಯೊಬ್ಬಳು ಎದ್ದು ಹೀಗೆ ಕೇಳಿದಳು. ಚುನಾವಣಾ ಕರ್ತವ್ಯಕ್ಕೆ ಹೋದಾಗಲೆಲ್ಲ ಮತಗಟ್ಟೆಯ ಬಾಗಿಲಲ್ಲಿ ಕಾರ್ಡ್ ಹಿಡಿದು ಇದನ್ನೇ ಕೇಳುವವರನ್ನು ಕಂಡಿದ್ದೇನೆ. ಅಷ್ಟು ಹೊತ್ತಿಗೆ ಉತ್ತರ ಗೊತ್ತಾಗಿ ಪ್ರಯೋಜನವಿಲ್ಲ. ನೀವು ಯಾರೆಂದು ಹೇಳುವುದಷ್ಟೇ ಕಾರ್ಡಿನ ಕೆಲಸ. ಆ ಮತಗಟ್ಟೆಯಲ್ಲಿ ನಿಮಗೆ ಮತವಿದೆಯೋ ಇಲ್ಲವೋ ಎಂದು ಹೇಳುವುದು ಪಟ್ಟಿ.

ಪಟ್ಟಿಗೆ ಇಷ್ಟು ತೂಕ ಬಂದದ್ದು ಮೊದಲ ಮಹಾಚುನಾವಣೆಯಲ್ಲೇ. 1951-52ರ ಆ ಚುನಾವಣೆಗೆ ಮನೆಮನೆಗೆ ಹೋದ ಗಣತಿದಾರರಿಗೆ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಅನೇಕ ಹೆಂಗಸರು ಹೆಸರು ಹೇಳಲಿಲ್ಲ. ಪರಪುರುಷನ ಮುಂದೆ ಹೆಸರು ಹೇಳುವುದು ರೂಢಿಯಲ್ಲ. 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದೇ ಬರೆಸಿದರು. ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದವರನ್ನು ಪಟ್ಟಿಯಿಂದ ತೆಗೆಯಲು ಹೇಳಿದರು. ಸುಮಾರು 28 ಲಕ್ಷ ಹೆಂಗಸರು ಹೊರಗುಳಿದರು. ಕಠಿಣವಾದ ತೀರ್ಮಾನ. ಆದರೆ ಮತ ಮನೆತನಕ್ಕಲ್ಲ, ಹೆಸರುಳ್ಳ ಒಬ್ಬ ವ್ಯಕ್ತಿಗೆ ಎಂಬುದು ಅಲ್ಲಿಗೆ ಗಟ್ಟಿಯಾಯಿತು.

ಪಟ್ಟಿಯೊಳಗೆ ಬರುವ ವಯಸ್ಸು ಆಗ 21. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಅದು 18ಕ್ಕಿಳಿಯಿತು. ಆದರೂ ಒಂದು ತೊಡಕು ಉಳಿದಿತ್ತು. ವರ್ಷಕ್ಕೆ ಅರ್ಹತಾ ದಿನಾಂಕ ಒಂದೇ, ಜನವರಿ 1. ಜನವರಿ 2ರಂದು 18 ತುಂಬಿದವರು ಮುಂದಿನ ಜನವರಿಯವರೆಗೆ ಕಾಯಬೇಕಿತ್ತು. 2022ರ ಆಗಸ್ಟ್‌ನಿಂದ ವರ್ಷಕ್ಕೆ ನಾಲ್ಕು ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು.

ಆ ಹುಡುಗಿಯ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದೆವು. ಹುಟ್ಟಿದ್ದು ಮಾರ್ಚ್ 20. ಹಳೆಯ ನಿಯಮವಾದರೆ 18 ತುಂಬಿದ ಮೇಲೂ ಒಂಬತ್ತು ತಿಂಗಳು ಕಾಯಬೇಕಿತ್ತು. ಈಗ ಏಪ್ರಿಲ್ 1ಕ್ಕೇ ಅರ್ಹಳು. ನಮೂನೆ 6 ತುಂಬಿ, ಫೋಟೊ, ವಯಸ್ಸಿನ ಮತ್ತು ವಿಳಾಸದ ದಾಖಲೆ ಸೇರಿಸಿ voters.eci.gov.in ತಾಣದಲ್ಲೋ ಬಿಎಲ್ಒ ಕೈಯಲ್ಲೋ ಕೊಡಬೇಕು. ಬಿಎಲ್ಒ ಮನೆಗೆ ಬಂದು ಪರಿಶೀಲಿಸುತ್ತಾರೆ, ಆಮೇಲೆ ನೋಂದಣಾಧಿಕಾರಿಯ ಆದೇಶವಾಗುತ್ತದೆ. ಆಕೆ ಇದಿಷ್ಟನ್ನೂ ಊರಿನಲ್ಲಿ ಮುಗಿಸಿದ್ದಳು, ಕಾರ್ಡೂ ಬಂದಿತ್ತು. ಆಮೇಲೆ ಮನೆಯವರೆಲ್ಲ ಜಿಲ್ಲಾ ಕೇಂದ್ರಕ್ಕೆ ಬಂದು ನೆಲೆಸಿದ್ದರು. ಸಿಕ್ಕು ಇರುವುದು ಇಲ್ಲೇ. ಹೀಗೆ ಊರು ಬಿಟ್ಟವರ ಹೆಸರು ಸ್ಥಳಾಂತರವೆಂದು ಹಳೆಯ ಪಟ್ಟಿಯಿಂದ ಬಿಟ್ಟುಹೋಗಬಹುದು, ಹೊಸ ಊರಿನ ಪಟ್ಟಿಗೆ ತಾನಾಗಿ ಸೇರುವುದಿಲ್ಲ. ವಿಳಾಸ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8 ಇದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಯ ಪಟ್ಟಿಗೆ ಯಾರೂ ಕೈ ಹಾಕುವಂತಿಲ್ಲ. ಅರ್ಜಿಯ ಪರಿಶೀಲನೆಗೂ ದಿನಗಳು ಬೇಕು. ಹಾಗಾಗಿ ಚುನಾವಣೆ ಘೋಷಣೆಯಾದ ವಾರದಲ್ಲೇ ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ ನೋಡಿಕೊಳ್ಳಬೇಕು. ಹೆಸರಿನಲ್ಲಿ 'ಲಕ್ಷ್ಮಿ' ಹೋಗಿ 'ಲಕ್ಷ್ಮೀ' ಆಗಿದ್ದರೆ ಗಾಬರಿ ಬೇಡ. ವ್ಯಕ್ತಿ ಅವರೇ ಎಂದು ಖಾತ್ರಿಯಾದರೆ ಇಂಥ ಸಣ್ಣ ತಪ್ಪಿಗೆ ಯಾರನ್ನೂ ವಾಪಸು ಕಳಿಸುವುದಿಲ್ಲ.

ಮತಗಟ್ಟೆಯ ಒಳಗೆ ಮೇಜುಗಳನ್ನು ಹೊಂದಿಸಿರುವ ರೀತಿಯಲ್ಲೂ ಇಂಥ ಹಳೆಯ ಅನುಭವಗಳಿವೆ. ಮೊದಲ ಮತಗಟ್ಟೆ ಅಧಿಕಾರಿ ನಿಮ್ಮ ಗುರುತಿನ ದಾಖಲೆ ನೋಡಿ, ಹೆಸರು ಮತ್ತು ಕ್ರಮ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾರೆ. ಅದು ಅಲ್ಲಿ ಕೂತ ಪಕ್ಷಗಳ ಏಜೆಂಟರ ಕಿವಿಗೆ. ಬಂದವರು ಬೇರೆ ಯಾರೋ ಎನಿಸಿದರೆ ಅವರು ಆಗಲೇ ಆಕ್ಷೇಪಿಸಬೇಕು. ಮನೆಗೆ ಬಂದ ಮತದಾರರ ಚೀಟಿ ಒಂದನ್ನೇ ಗುರುತಿನ ದಾಖಲೆಯೆಂದು ಒಪ್ಪುವುದಿಲ್ಲ, ಕಾರ್ಡ್ ಅಥವಾ ಆಯೋಗ ಹೇಳಿದ ಬೇರೆ ದಾಖಲೆ ಕೈಯಲ್ಲಿರಲಿ.

ಎರಡನೆಯವರ ಮೇಜಿನ ಮೇಲೆ ಮರಳು ತುಂಬಿದ ಒಂದು ಡಬ್ಬ ಇರುತ್ತದೆ. ಶಾಯಿಯ ಸೀಸೆ ಉರುಳಿ ಚೆಲ್ಲದಿರಲಿ ಎಂದು ಅದನ್ನು ಮರಳಿನಲ್ಲಿ ಹೂತಿಟ್ಟಿರುತ್ತಾರೆ. ಆ ಶಾಯಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ಇದನ್ನು ಪೂರೈಸುತ್ತಿದೆ. ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಕಚ್ಚಿಕೊಂಡು ಬೆಳಕಿಗೆ ಕಪ್ಪಾಗುತ್ತದೆ. ಸೋಪಿಗೆ ಬಗ್ಗುವುದಿಲ್ಲ, ಚರ್ಮ ಕಳಚಿ, ಉಗುರು ಬೆಳೆದ ಮೇಲೆಯೇ ಹೋಗುವುದು. ಬೆರಳಿಗೆ ಎಣ್ಣೆ ಸವರಿಕೊಂಡು ಬರುವವರೂ ಇದ್ದಾರೆ. ಅದಕ್ಕೇ ಎಡಗೈ ತೋರುಬೆರಳನ್ನು ನೋಡಿ, ಜಿಡ್ಡಿದ್ದರೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಗೆರೆ ಎಳೆಯುತ್ತಾರೆ. ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಒಂದು ಚೀಟಿ ಕೊಡುತ್ತಾರೆ. ಮೂರನೆಯವರು ಅದನ್ನು ಪಡೆದು, ಶಾಯಿಯನ್ನು ಮತ್ತೊಮ್ಮೆ ನೋಡಿ, ಯಂತ್ರ ಸಜ್ಜುಮಾಡುತ್ತಾರೆ.

ಮರೆಯೊಳಗೆ ಹಸಿರು ದೀಪ ಕಂಡ ಮೇಲೆ ಗುಂಡಿ ಒತ್ತಿ. ಪಕ್ಕದ ವಿವಿಪ್ಯಾಟ್ ಕಿಟಕಿಯಲ್ಲಿ ನಿಮ್ಮ ಅಭ್ಯರ್ಥಿಯ ಕ್ರಮ ಸಂಖ್ಯೆ, ಹೆಸರು, ಚಿಹ್ನೆಯ ಚೀಟಿ ಏಳು ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುತ್ತದೆ. ಹೊಸಬರು ಗುಂಡಿ ಒತ್ತಿ ತಟ್ಟನೆ ತಿರುಗಿಬಿಡುತ್ತಾರೆ. ಬೀಪ್ ಶಬ್ದ ಬರುವವರೆಗೆ ಕಣ್ಣು ಅಲ್ಲೇ ಇರಲಿ.

"ನಾನು ಹೋಗೋ ಅಷ್ಟರಲ್ಲಿ ನನ್ನ ವೋಟು ಬೇರೆಯವರು ಹಾಕಿಬಿಟ್ಟಿದ್ರೆ?" ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಹಾಗಾದರೆ ಮನೆಗೆ ಹೋಗಬಾರದು. ಅಧ್ಯಕ್ಷಾಧಿಕಾರಿಯನ್ನು ಕಂಡು ಗುರುತು ಸಾಬೀತುಪಡಿಸಿದರೆ ಕಾಗದದ ಮತಪತ್ರ ಕೊಡುತ್ತಾರೆ. ಅದಕ್ಕೆ ಟೆಂಡರ್ಡ್ ಮತ ಎನ್ನುತ್ತಾರೆ. ಅದನ್ನು ಯಂತ್ರಕ್ಕೆ ಸೇರಿಸದೆ ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಯ ದಿನ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಫಲಿತಾಂಶ ಕೋರ್ಟಿಗೆ ಹೋದಾಗ ಬೆಲೆ ಬರುತ್ತದೆ. ಇಷ್ಟನ್ನೂ ಹೇಳಿದಾಗ ಹುಡುಗನ ಮುಖ ಸಪ್ಪಗಾಯಿತು. ಆದರೆ ಬೇರೊಬ್ಬರು ನಿಮ್ಮ ಹೆಸರಲ್ಲಿ ಮತ ಹಾಕಿದರೆಂಬುದಕ್ಕೆ ಉಳಿಯುವ ದಾಖಲೆ ಅದೇ.

ಯಾರಿಗೆ ಹಾಕಬೇಕು ಎಂದು ಹೇಳುವುದು ನನ್ನ ಕೆಲಸವಲ್ಲ. ಅಭ್ಯರ್ಥಿಗಳ ಬಗ್ಗೆ ಓದಲು ಏನಿದೆ ಎಂದು ತೋರಿಸಬಲ್ಲೆ. 2002ರವರೆಗೆ ಅಂಥದ್ದೇನೂ ಕೈಗೆ ಸಿಗುತ್ತಿರಲಿಲ್ಲ. ಆ ವರ್ಷ ಸುಪ್ರೀಂ ಕೋರ್ಟ್ ಅಭ್ಯರ್ಥಿಗಳ ಹಿನ್ನೆಲೆ ತಿಳಿಯುವುದು ಮತದಾರರ ಹಕ್ಕು ಎಂದಿತು. ಸಂಸತ್ತು ಅದನ್ನು ಮೊಟಕುಗೊಳಿಸಿದಾಗ 2003ರಲ್ಲಿ ಮತ್ತೆ ಎತ್ತಿಹಿಡಿಯಿತು. ಅದರ ಫಲವೇ ನಮೂನೆ 26ರ ಪ್ರಮಾಣಪತ್ರ. ಬಾಕಿ ಇರುವ ಮೊಕದ್ದಮೆಗಳು, ತನ್ನ ಮತ್ತು ಪತ್ನಿ ಅಥವಾ ಪತಿಯ ಆಸ್ತಿ, ಸಾಲ, ವಿದ್ಯಾಭ್ಯಾಸ ಎಲ್ಲವೂ ಅಲ್ಲಿರುತ್ತವೆ. affidavit.eci.gov.in ತಾಣದಲ್ಲಿ ಯಾರು ಬೇಕಾದರೂ ಓದಬಹುದು.

ಓದುವುದಕ್ಕೊಂದು ಕ್ರಮವಿದೆ. ಈ ಹಿಂದೆ ಸ್ಪರ್ಧಿಸಿದವರಾದರೆ ಎರಡು ಚುನಾವಣೆಗಳ ಪ್ರಮಾಣಪತ್ರ ಪಕ್ಕಪಕ್ಕ ಇಟ್ಟುಕೊಳ್ಳಿ. ಆಸ್ತಿಯ ಮೊತ್ತ ಬೆಳೆದ ಮಾತ್ರಕ್ಕೆ ಅನುಮಾನ ಬೇಡ, ಅದೇ ಜಮೀನಿನ ಬೆಲೆ ಏರಿರಬಹುದು. ಹೊಸದಾಗಿ ಸೇರಿದ ಜಮೀನು, ಮನೆ ಯಾವುವು, ಅದಕ್ಕೆ ತಕ್ಕ ಆದಾಯ ತೋರಿಸಿದ್ದಾರೆಯೇ ನೋಡಿ. ಮೊಕದ್ದಮೆ ಎಷ್ಟು ಎಂದು ಎಣಿಸುವುದಕ್ಕಿಂತ ಯಾವುದರ ಬಗ್ಗೆ ಎಂದು ಓದಿ: ರಸ್ತೆತಡೆ ಮಾಡಿದ ಕೇಸೂ ಕೊಲೆಯತ್ನದ ಕೇಸೂ ಲೆಕ್ಕಕ್ಕೆ ಒಂದೊಂದೇ. ಇದೆಲ್ಲ ಅಭ್ಯರ್ಥಿಯೇ ಬರೆದುಕೊಟ್ಟದ್ದು, ಚುನಾವಣಾಧಿಕಾರಿ ಒಳಗಿನ ಸತ್ಯಾಸತ್ಯ ತನಿಖೆ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಓದಿದ ಮೇಲೂ ಯಾರೂ ಬೇಡವೆನಿಸಿದರೆ 2013ರಿಂದ ನೋಟಾ ಇದೆ. ಅದು ನಿಮ್ಮ ಅಸಮ್ಮತಿಯನ್ನು ದಾಖಲಿಸುತ್ತದೆ, ಆದರೆ ಅದಕ್ಕೇ ಹೆಚ್ಚು ಮತ ಬಂದರೂ ಅಭ್ಯರ್ಥಿಗಳಲ್ಲಿ ಮುಂದಿದ್ದವರು ಗೆಲ್ಲುತ್ತಾರೆ.

ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿ ಮೊಬೈಲ್ ಹಿಡಿದು ಬಂದಳು. ಹೆಸರು ಇನ್ನೂ ಹಳೆಯ ಊರಿನ ಪಟ್ಟಿಯಲ್ಲೇ ಇತ್ತು. ಅಲ್ಲೇ ಬೆಂಚಿನ ಮೇಲೆ ಕೂತು ನಮೂನೆ 8 ತೆರೆದಳು. ಅಮ್ಮನಿಗೂ ಒಂದು ಅರ್ಜಿ ಹಾಕಬೇಕೆಂದು ಮನೆಗೆ ಫೋನ್ ಮಾಡಿ ಕೇಳಿದಳು: "ಅಮ್ಮಾ, ನಿನ್ನ ಹೆಸರು ಕಾರ್ಡಲ್ಲಿ ಹೇಗೆ ಬರೆದಿದ್ದಾರೆ, ಓದಿ ಹೇಳು."