ಯಾವ ಸುದ್ದಿ ‘ಒಳಗಿನ ಸುದ್ದಿ’?

ಇನ್‌ಸೈಡರ್ ಟ್ರೇಡಿಂಗ್ ಎಂದರೆ ಕಂಪನಿಯ ಒಳಗಿರುವವರು ಆ ಕಂಪನಿಯ ಷೇರು ಕೊಳ್ಳುವುದು ಅಥವಾ ಮಾರುವುದು ಎಂದು ಅನೇಕರು ತಿಳಿದಿದ್ದಾರೆ. ಅದಷ್ಟೇ ಆಗಿದ್ದರೆ ಕಂಪನಿಯ ನೌಕರರು, ನಿರ್ದೇಶಕರು ತಮ್ಮದೇ ಕಂಪನಿಯ ಷೇರನ್ನು ಮುಟ್ಟುವಂತೆಯೇ ಇರಲಿಲ್ಲ. ಅವರು ಷೇರು ಇಟ್ಟುಕೊಳ್ಳಬಹುದು, ನಿಯಮದಂತೆ ಮಾರಲೂಬಹುದು. ಕಾನೂನು ತಡೆಯುವುದು ಒಂದು ಬಗೆಯ ಮಾಹಿತಿಯನ್ನು ಕೈಯಲ್ಲಿಟ್ಟುಕೊಂಡು ನಡೆಸುವ ವಹಿವಾಟನ್ನು. ಅದಕ್ಕೆ ಅಪ್ರಕಟಿತ ಬೆಲೆ ಸೂಕ್ಷ್ಮ ಮಾಹಿತಿ ಎಂದು ಹೆಸರು. ಷೇರುಪೇಟೆಯವರ ಬಾಯಲ್ಲಿ ಅದು ಯುಪಿಎಸ್‌ಐ. ಇಂಥ ಮೊಕದ್ದಮೆಗಳಲ್ಲಿ ವಕೀಲರು ಮೊದಲು ವಾದಿಸುವುದೂ ಇದನ್ನೇ: ಆರೋಪಿಯ ಬಳಿ ಇದ್ದ ಸುದ್ದಿ ಯುಪಿಎಸ್‌ಐ ಹೌದೋ ಅಲ್ಲವೋ?

ಷೇರುಪೇಟೆಯ ನಿಯಂತ್ರಕ ಸೆಬಿ 2015ರಲ್ಲಿ ತಂದ ನಿಯಮಗಳು ಇದಕ್ಕೆ ಎರಡು ಪರೀಕ್ಷೆಗಳನ್ನು ಇಟ್ಟಿವೆ. ಆ ಸುದ್ದಿ ಜನರಿಗೆ ಸಾಮಾನ್ಯವಾಗಿ ಸಿಗುವಂಥದ್ದಾಗಿರಬಾರದು. ಜೊತೆಗೆ, ಬಹಿರಂಗವಾದರೆ ಷೇರಿನ ಬೆಲೆಯನ್ನು ಗಣನೀಯವಾಗಿ ಏರಿಳಿಸುವ ಸಂಭವ ಅದಕ್ಕಿರಬೇಕು. ಎರಡೂ ಕೂಡಿದರೆ ಮಾತ್ರ ಅದು ಯುಪಿಎಸ್‌ಐ. ಈ ನಿಯಮಗಳಿಗೆ ತಳಹದಿಯಾದ ವರದಿಯನ್ನು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎನ್.ಕೆ. ಸೋಧಿ ಅವರ ಸಮಿತಿ.

ಸಾಮಾನ್ಯವಾಗಿ ಬೆಲೆ ಅಲುಗಿಸುವ ಸುದ್ದಿಗಳು ಯಾವುವೆಂದು ನಿಯಮವೇ ಹೇಳುತ್ತದೆ. ತ್ರೈಮಾಸಿಕ ಹಣಕಾಸು ಫಲಿತಾಂಶ, ಲಾಭಾಂಶ, ಬಂಡವಾಳ ರಚನೆಯಲ್ಲಿ ಬದಲಾವಣೆ, ವಿಲೀನ, ಸ್ವಾಧೀನ, ಉನ್ನತ ಅಧಿಕಾರಿಗಳ ಬದಲಾವಣೆ ಇವು ಮೊದಲಿನಿಂದಲೂ ಪಟ್ಟಿಯಲ್ಲಿದ್ದವು. 2025ರ ಜೂನ್‌ನಿಂದ ಪಟ್ಟಿ ಇನ್ನಷ್ಟು ಬೆಳೆದಿದೆ: ಕ್ರೆಡಿಟ್ ರೇಟಿಂಗ್‌ನಲ್ಲಿ ಏರುಪೇರು, ಕಂಪನಿಯೊಳಗೆ ಪತ್ತೆಯಾದ ವಂಚನೆ, ಫೊರೆನ್ಸಿಕ್ ಆಡಿಟ್ ಆರಂಭ, ದೊಡ್ಡ ಮೊಕದ್ದಮೆಯ ಫಲಿತಾಂಶ, ಪ್ರಮುಖ ಪರವಾನಗಿ ಸಿಕ್ಕಿದ್ದು ಅಥವಾ ರದ್ದಾದದ್ದು. ಮುಖ್ಯ ಹಣಕಾಸು ಅಧಿಕಾರಿ ವಯಸ್ಸಾಗಿ ನಿವೃತ್ತರಾದರೆ ಅದು ಈ ಪಟ್ಟಿಗೆ ಸೇರುವುದಿಲ್ಲ. ಆ ದಿನ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಅದೇ ಅಧಿಕಾರಿ ವರ್ಷದ ನಡುವೆ ದಿಢೀರನೆ ರಾಜೀನಾಮೆ ಕೊಟ್ಟರೆ ಸೇರುತ್ತದೆ. ಲೆಕ್ಕ ಪರಿಶೋಧಕರು ಅರ್ಧದಲ್ಲಿ ಕೈಬಿಟ್ಟು ಹೋದರೂ ಹಾಗೆಯೇ, ಏಕೆಂದರೆ ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಎಂದು ಪೇಟೆ ಅನುಮಾನಿಸುತ್ತದೆ.

ಪಟ್ಟಿ ಓದಿದಾಗ ಎಲ್ಲವೂ ಸ್ಪಷ್ಟವೆನಿಸುತ್ತದೆ. ಗೊಂದಲ ಶುರುವಾಗುವುದು ನಿಜವಾದ ಪ್ರಕರಣಗಳಲ್ಲಿ. ಎರಡು ಪರೀಕ್ಷೆಗಳಿಗೂ ಭಾರತದಲ್ಲಿ ಒಂದೊಂದು ದೊಡ್ಡ ಪ್ರಕರಣ ನಡೆದಿದೆ.

ಸುದ್ದಿ ಪ್ರಕಟವಾಗಿತ್ತೇ ಎಂಬ ಪ್ರಶ್ನೆಗೆ ಹಿಂದೂಸ್ತಾನ್ ಲೀವರ್ ಪ್ರಕರಣವೇ ಪಾಠ. ಹಿಂದೂಸ್ತಾನ್ ಲೀವರ್ ಮತ್ತು ಬ್ರೂಕ್ ಬಾಂಡ್ ಲಿಪ್ಟನ್ ಇಂಡಿಯಾ ಎರಡೂ ಯುನಿಲೀವರ್ ಎಂಬ ಒಂದೇ ತಾಯಿ ಕಂಪನಿಯ ಮಕ್ಕಳು. 1996ರ ಮಾರ್ಚ್ 25ರಂದು ಹಿಂದೂಸ್ತಾನ್ ಲೀವರ್, ಯುನಿಟ್ ಟ್ರಸ್ಟ್ ಆಫ್ ಇಂಡಿಯಾದಿಂದ ಬ್ರೂಕ್ ಬಾಂಡ್ ಲಿಪ್ಟನ್‌ನ 8 ಲಕ್ಷ ಷೇರುಗಳನ್ನು ಕೊಂಡಿತು. ಷೇರಿಗೆ ಕೊಟ್ಟ ಬೆಲೆ 350 ರೂಪಾಯಿ 35 ಪೈಸೆ, ಅಂದರೆ ಒಟ್ಟು ಸುಮಾರು 28 ಕೋಟಿ ರೂಪಾಯಿ. ಪೇಟೆಯ ದರಕ್ಕಿಂತ ಅದು ಹೆಚ್ಚೇ ಇತ್ತು, ಹಾಗಾಗಿ ಮಾರಿದ ಟ್ರಸ್ಟ್‌ಗೆ ಲಾಭದ ವ್ಯಾಪಾರದಂತೆ ಕಂಡಿತು. ಏಪ್ರಿಲ್ 19ರಂದು ಎರಡೂ ಕಂಪನಿಗಳು ವಿಲೀನವಾಗಲಿವೆ ಎಂಬ ಘೋಷಣೆ ಹೊರಬಿತ್ತು, ಬ್ರೂಕ್ ಬಾಂಡ್ ಲಿಪ್ಟನ್ ಷೇರಿನ ಬೆಲೆ ಇನ್ನೂ ಮೇಲೆ ಹೋಯಿತು. ಇನ್ನೊಂದು ತಿಂಗಳು ತಡೆದಿದ್ದರೆ ಟ್ರಸ್ಟ್‌ಗೆ, ಅಂದರೆ ಅದರಲ್ಲಿ ಹಣ ತೊಡಗಿಸಿದ ಸಣ್ಣ ಉಳಿತಾಯಗಾರರಿಗೆ, ಹೆಚ್ಚು ಸಿಗುತ್ತಿತ್ತು.

ಸೆಬಿ 1998ರಲ್ಲಿ ಇದನ್ನು ಇನ್‌ಸೈಡರ್ ಟ್ರೇಡಿಂಗ್ ಎಂದು ತೀರ್ಮಾನಿಸಿ, ಟ್ರಸ್ಟ್‌ಗೆ 3 ಕೋಟಿ ರೂಪಾಯಿಗೂ ಮೀರಿದ ಪರಿಹಾರ ಕೊಡಲು ಆದೇಶಿಸಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. ವಿಲೀನದ ಮಾತು ಪತ್ರಿಕೆಗಳಲ್ಲಿ ಆಗಲೇ ಬಂದಿತ್ತು, ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು, ಇದರಲ್ಲಿ ಗುಟ್ಟೇನು ಎಂಬುದು ಅದರ ವಾದ. ಅಂದಿನ ಮೇಲ್ಮನವಿ ಪ್ರಾಧಿಕಾರವಾಗಿದ್ದ ಹಣಕಾಸು ಸಚಿವಾಲಯ ಈ ವಾದವನ್ನು ಒಪ್ಪಿತು. ಹಿಂದೂಸ್ತಾನ್ ಲೀವರ್ ಒಳಗಿನವನೇ ಹೌದು, ಆದರೆ ಸುದ್ದಿ ‘ಸಾಮಾನ್ಯವಾಗಿ ತಿಳಿದದ್ದು’ ಎಂದು ಹೇಳಿ ಸೆಬಿಯ ಆದೇಶವನ್ನು ತಳ್ಳಿಹಾಕಿತು.

ಈ ತೀರ್ಪಿನಲ್ಲಿ ಒಂದು ಮುಖ್ಯ ವ್ಯತ್ಯಾಸ ಮರೆಯಾಯಿತು. ಪತ್ರಿಕೆ ಓದಿದವನಿಗೆ ವಿಲೀನ ‘ಆಗಬಹುದು’ ಎಂದಷ್ಟೇ ಗೊತ್ತು. ನಿರ್ಧಾರ ತೆಗೆದುಕೊಳ್ಳುವ ಮೇಜಿನ ಬಳಿ ಕುಳಿತವನಿಗೆ ಅದು ‘ಆಗುತ್ತದೆ’ ಎಂದು ಗೊತ್ತು. ಊಹೆ ನಂಬಿ ಹಣ ಹಾಕುವವನು ಸೋಲುವ ಅಪಾಯವನ್ನೂ ಹೊರುತ್ತಾನೆ, ಖಚಿತವಾಗಿ ಬಲ್ಲವನಿಗೆ ಆ ಅಪಾಯವಿಲ್ಲ. ಷೇರುಪೇಟೆಯಲ್ಲಿ ಬೆಲೆ ಇರುವುದೇ ಈ ಖಚಿತತೆಗೆ. ಸೆಬಿ 2002ರಲ್ಲಿ ನಿಯಮ ತಿದ್ದಿ, ಮಾಧ್ಯಮಗಳ ಊಹಾಪೋಹದ ವರದಿಗಳನ್ನು ಪ್ರಕಟಿತ ಮಾಹಿತಿ ಎಂದು ಪರಿಗಣಿಸುವಂತಿಲ್ಲ ಎಂದು ಬರೆಯಿತು. ಈಗಿನ ನಿಯಮಕ್ಕೂ ಅದೇ ಆಶಯದ ಮಾತನ್ನು 2024ರಲ್ಲಿ ಸೇರಿಸಲಾಗಿದೆ: ದೃಢಪಡದ ಮಾಧ್ಯಮ ವರದಿ ‘ಸಾಮಾನ್ಯವಾಗಿ ಲಭ್ಯ’ ಮಾಹಿತಿಯಲ್ಲ. ಕಂಪನಿ ಸ್ಟಾಕ್ ಎಕ್ಸ್‌ಚೇಂಜ್‌ಗೆ ತಿಳಿಸಿ, ಅದು ಎಕ್ಸ್‌ಚೇಂಜ್‌ನ ಜಾಲತಾಣದಲ್ಲಿ ಕಾಣಿಸಿಕೊಂಡರೆ ಸಾಮಾನ್ಯವಾಗಿ ಅದನ್ನು ಪ್ರಕಟವಾದದ್ದು ಎಂದು ಒಪ್ಪಲಾಗುತ್ತದೆ.

ಹಾಗೆಂದು ಕಂಪನಿ ಹೇಳದ ಎಲ್ಲವೂ ಗುಟ್ಟಲ್ಲ. ಕಾರ್ಖಾನೆಯ ಎದುರು ಚಹಾ ಅಂಗಡಿ ಇಟ್ಟವನೊಬ್ಬ, ಎರಡು ತಿಂಗಳಿಂದ ಲಾರಿಗಳು ರಾತ್ರಿಯಿಡೀ ಸರಕು ತುಂಬಿಕೊಂಡು ಹೋಗುವುದನ್ನು ಕಂಡು, ವ್ಯಾಪಾರ ಜೋರಾಗಿದೆ ಎಂದು ಆ ಕಂಪನಿಯ ಷೇರು ಕೊಂಡರೆ ಅದು ಅಪರಾಧವಲ್ಲ. ಆ ರಸ್ತೆಯಲ್ಲಿ ನಿಂತ ಯಾರಿಗೂ ಅದು ಕಾಣುತ್ತದೆ. ಯಾರಿಗೂ ಭೇದವಿಲ್ಲದೆ ಸಿಗುವ ಮಾಹಿತಿ ಸಾಮಾನ್ಯವಾಗಿ ಲಭ್ಯ ಎಂಬುದೇ ನಿಯಮ. ಗೇಟಿನ ಒಳಗೆ ಕುಳಿತ ಗುಮಾಸ್ತ ಆ ಸರಕಿನ ಒಟ್ಟು ಮೌಲ್ಯವನ್ನು, ತ್ರೈಮಾಸಿಕದ ಮಾರಾಟದ ಮೊತ್ತವನ್ನು ಲೆಕ್ಕದ ಪುಸ್ತಕದಲ್ಲಿ ನೋಡಿ ಷೇರು ಕೊಂಡರೆ ಮಾತು ಬೇರೆ. ಇಬ್ಬರ ಅಂದಾಜೂ ಒಂದೇ ಆಗಿರಬಹುದು, ಆದರೆ ಅದು ಬಂದ ದಾರಿ ಬೇರೆ.

ಎರಡನೆಯ ಪರೀಕ್ಷೆ ಬೆಲೆಯದು. ಇದಕ್ಕೆ ಗ್ಯಾಮನ್ ಇನ್‌ಫ್ರಾಸ್ಟ್ರಕ್ಚರ್ ಪ್ರಾಜೆಕ್ಟ್ಸ್ ಪ್ರಕರಣವನ್ನು ನೋಡಬೇಕು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಿಂದ ಈ ಕಂಪನಿಗೆ ಗುಜರಾತಿನಲ್ಲಿ 1,648 ಕೋಟಿ ರೂಪಾಯಿಯ ರಸ್ತೆ ಗುತ್ತಿಗೆ ಸಿಕ್ಕಿತ್ತು. ಸಿಂಪ್ಲೆಕ್ಸ್ ಇನ್‌ಫ್ರಾಸ್ಟ್ರಕ್ಚರ್ಸ್ ಎಂಬ ಇನ್ನೊಂದು ಕಂಪನಿಗೆ ಜಾರ್ಖಂಡ್ ಮತ್ತು ಪಶ್ಚಿಮ ಬಂಗಾಳದಲ್ಲಿ 940 ಕೋಟಿಯ ಗುತ್ತಿಗೆ ಇತ್ತು. ಒಬ್ಬರ ಯೋಜನೆಯಲ್ಲಿ ಇನ್ನೊಬ್ಬರು ಪಾಲು ಹಾಕುವುದೆಂದು ಒಪ್ಪಂದವಾಯಿತು. ಆಮೇಲೆ ಮನಸ್ಸು ಬದಲಾಗಿ, 2013ರ ಆಗಸ್ಟ್ 9ರಂದು ಗ್ಯಾಮನ್‌ನ ಆಡಳಿತ ಮಂಡಳಿ ಒಪ್ಪಂದ ಮುರಿಯಲು ಒಪ್ಪಿಗೆ ಕೊಟ್ಟಿತು. ಆಗಸ್ಟ್ 22ರಂದು ಅಧ್ಯಕ್ಷರಾಗಿದ್ದ ಅಭಿಜಿತ್ ರಾಜನ್ ತಮ್ಮ ಸುಮಾರು 144 ಲಕ್ಷ ಷೇರುಗಳನ್ನು 10 ಕೋಟಿ 28 ಲಕ್ಷ ರೂಪಾಯಿಗೆ ಮಾರಿದರು. ಒಪ್ಪಂದ ಮುರಿದ ಸುದ್ದಿ ಎಕ್ಸ್‌ಚೇಂಜ್‌ಗೆ ತಲುಪಿದ್ದು ಆಗಸ್ಟ್ 30ಕ್ಕೆ.

ದಿನಾಂಕಗಳನ್ನಷ್ಟೇ ನೋಡಿದರೆ ಅಪರಾಧ ಕಣ್ಣಿಗೆ ರಾಚುತ್ತದೆ. ಸುದ್ದಿ ಹುಟ್ಟಿದ ಮೇಲೆ, ಹೊರಬೀಳುವ ಮುನ್ನ ಮಾರಾಟ ನಡೆದಿದೆ. ಸೆಬಿ 2016ರಲ್ಲಿ 1 ಕೋಟಿ 9 ಲಕ್ಷ ರೂಪಾಯಿಯನ್ನು ಹಿಂತಿರುಗಿಸುವಂತೆ ಆದೇಶಿಸಿತು. ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಬೇರೊಂದು ಪ್ರಶ್ನೆ ಕೇಳಿತು: ಈ ಸುದ್ದಿ ಬೆಲೆಯನ್ನು ಯಾವ ದಿಕ್ಕಿಗೆ ಒಯ್ಯುತ್ತಿತ್ತು? ಒಪ್ಪಂದ ಮುರಿದಾಗ ಗ್ಯಾಮನ್ ಕಳೆದುಕೊಂಡದ್ದು 940 ಕೋಟಿಯ ಯೋಜನೆಯಲ್ಲಿನ ಪಾಲು. ಅದರ ಕೈಯಲ್ಲಿ ಪೂರ್ತಿಯಾಗಿ ಉಳಿದದ್ದು 1,648 ಕೋಟಿಯ ಯೋಜನೆ. ಅಂದರೆ ಸುದ್ದಿ ಕಂಪನಿಗೆ ಒಳ್ಳೆಯದೇ. ಒಳ್ಳೆಯ ಸುದ್ದಿ ಬಲ್ಲವನು ಲಾಭದ ಆಸೆಯಿದ್ದರೆ ಕೊಳ್ಳುತ್ತಾನೆ, ಇಲ್ಲವೇ ಸುದ್ದಿ ಹೊರಬೀಳುವವರೆಗೆ ಕಾಯುತ್ತಾನೆ, ಮೊದಲೇ ಮಾರುವುದಿಲ್ಲ. ತಾಯಿ ಕಂಪನಿಯ ಸಾಲ ಪುನರ್‌ರಚನೆಗೆ ಪ್ರವರ್ತಕರು ಹಣ ತರಬೇಕಾಗಿದ್ದರಿಂದ ಈ ಮಾರಾಟ ನಡೆದಿತ್ತು. ರಾಜನ್ ಆರೋಪಮುಕ್ತರಾದರು.

ಈ ತೀರ್ಪನ್ನು ಇಂದಿನ ಪ್ರಕರಣಗಳಿಗೆ ಹಾಗೆಯೇ ಅಂಟಿಸುವುದು ಅಪಾಯ. ಅದು 1992ರ ಹಳೆಯ ನಿಯಮಗಳ ಅಡಿಯಲ್ಲಿ ಬಂದದ್ದು. 2015ರ ನಿಯಮದಲ್ಲಿ ಯುಪಿಎಸ್‌ಐ ಕೈಯಲ್ಲಿದ್ದಾಗ ವಹಿವಾಟು ಮಾಡಿದರೆ, ಆ ಮಾಹಿತಿಯೇ ವಹಿವಾಟಿಗೆ ಪ್ರೇರಣೆ ಎಂದು ಭಾವಿಸಲಾಗುತ್ತದೆ. ಅಲ್ಲವೆಂದು ತೋರಿಸುವ ಹೊಣೆ ವಹಿವಾಟು ಮಾಡಿದವರದು. ಆಸ್ಪತ್ರೆಗೆ, ಮಗಳ ಮದುವೆಗೆ ಹಣ ಬೇಕಿತ್ತು ಎಂಬ ಕಾರಣ ತಾನಾಗಿಯೇ ಯಾರನ್ನೂ ಕಾಯುವುದಿಲ್ಲ.

ತ್ರೈಮಾಸಿಕ ಫಲಿತಾಂಶದ ವಿಷಯದಲ್ಲಿ ನಿಯಮ ಈ ತಕರಾರಿಗೆಲ್ಲ ಜಾಗವನ್ನೇ ಕೊಡುವುದಿಲ್ಲ. ಜೂನ್ 30ಕ್ಕೆ ತ್ರೈಮಾಸಿಕ ಮುಗಿದರೆ, ಲೆಕ್ಕ ಬಲ್ಲ ನೌಕರರು ಮತ್ತು ನಿರ್ದೇಶಕರಿಗೆ ಅಂದಿನಿಂದಲೇ ‘ಟ್ರೇಡಿಂಗ್ ವಿಂಡೋ’ ಮುಚ್ಚುತ್ತದೆ. ಫಲಿತಾಂಶ ಘೋಷಣೆಯಾಗಿ 48 ಗಂಟೆ ಕಳೆದ ಮೇಲೆ ಅದು ತೆರೆಯುತ್ತದೆ. ಸುದ್ದಿಯನ್ನು ಅರಗಿಸಿಕೊಳ್ಳಲು ಸಾಮಾನ್ಯ ಹೂಡಿಕೆದಾರನಿಗೂ ಎರಡು ದಿನ ಸಿಗಲಿ ಎಂಬುದು ಆ ಅಂತರದ ಉದ್ದೇಶ.

ಸುದ್ದಿ ಯುಪಿಎಸ್‌ಐ ಎಂದು ಸಾಬೀತಾದರೂ ಅದು ಯಾರಿಂದ ಯಾರಿಗೆ ಹೋಯಿತೆಂದು ತೋರಿಸುವುದು ಸೆಬಿಗೆ ಬಲು ಕಷ್ಟ. 2017ರಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಲವು ಕಂಪನಿಗಳ ಫಲಿತಾಂಶಗಳು ಘೋಷಣೆಗೆ ಮೊದಲೇ ಹರಿದಾಡಿದ್ದವು. ಅವುಗಳಲ್ಲಿ ಬೆಂಗಳೂರಿನ ವಿಪ್ರೊ, ಮೈಂಡ್‌ಟ್ರೀ ಕೂಡ ಇದ್ದವು. ಸಂದೇಶದಲ್ಲಿದ್ದ ಅಂಕಿಗಳು ಆಮೇಲೆ ಬಂದ ಅಂಕಿಗಳಿಗೆ ಹೊಂದುತ್ತಿದ್ದವು. ಆದರೆ ಅದೇ ಗುಂಪುಗಳಲ್ಲಿ ಹೊಂದಿಕೆಯಾಗದ ಅಂದಾಜುಗಳೂ ಬರುತ್ತಿದ್ದವು. ಮೊದಲು ಕಳಿಸಿದವರು ಯಾರೆಂದು ಪತ್ತೆಯಾಗಲಿಲ್ಲ. ಮುಂದಕ್ಕೆ ಕಳಿಸಿದವರಿಗೆ ಅದು ಯುಪಿಎಸ್‌ಐ ಎಂದು ತಿಳಿದಿತ್ತೆಂಬುದಕ್ಕೆ ಪುರಾವೆ ಇಲ್ಲವೆಂದು ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ಅವರ ಮೇಲಿನ ಆದೇಶಗಳನ್ನು ರದ್ದು ಮಾಡಿತು.

ಈ ಜಾಡನ್ನು ಹಿಡಿಯಲೆಂದೇ ಪ್ರತಿ ಕಂಪನಿಯೂ ಒಂದು ಡಿಜಿಟಲ್ ದಾಖಲೆ ಇಡಬೇಕೆಂಬ ನಿಯಮ 2019ರಿಂದ ಜಾರಿಯಲ್ಲಿದೆ. ಯಾವ ಯುಪಿಎಸ್‌ಐ, ಯಾರು ಯಾರಿಗೆ ಹೇಳಿದರು, ಅವರ ಪ್ಯಾನ್ ಸಂಖ್ಯೆ, ಹೇಳಿದ ಸಮಯ ಎಲ್ಲವೂ ಅದರಲ್ಲಿ ಇರಬೇಕು. ಆಮೇಲೆ ತಿದ್ದಿದರೆ ಗೊತ್ತಾಗುವಂತಿರಬೇಕು, ಕನಿಷ್ಠ 8 ವರ್ಷ ಉಳಿಯಬೇಕು. ವಿಲೀನದ ಕರಡು ಓದುವ ವಕೀಲ, ಸಾಲದ ಕಡತ ನೋಡುವ ಬ್ಯಾಂಕ್ ಅಧಿಕಾರಿ, ಲೆಕ್ಕ ಪರಿಶೋಧಕನ ಸಹಾಯಕ ಎಲ್ಲರ ಹೆಸರೂ ಅದರಲ್ಲಿ ಸೇರುತ್ತದೆ. ಮಾಹಿತಿ ಕೈಗೆ ಬಂದ ಕ್ಷಣದಿಂದ ಅವರೂ ಕಾನೂನಿನ ಕಣ್ಣಿನಲ್ಲಿ ಒಳಗಿನವರೇ. ತಪ್ಪಿತಸ್ಥರಿಗೆ ದಂಡ ಕನಿಷ್ಠ 10 ಲಕ್ಷ ರೂಪಾಯಿ. ಗರಿಷ್ಠ 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು.