ಕಾಗಕ್ಕನ ಮನೆ ಕರಗಿದಾಗ

ಯುಕೆಜಿಗೆ ಹೋಗುವ ಮಗುವಿನ ತಾಯಿಯೊಬ್ಬರು ಈಚೆಗೆ ನನ್ನನ್ನು ಕೇಳಿದರು: "ಮನೇಲೂ ಇಂಗ್ಲಿಷ್ ಕಥೆನೇ ಓದಿ ಅಂತಾರೆ ಮಿಸ್ಸು. ಓದೋಕೇನೋ ಬರುತ್ತೆ, ಆದ್ರೆ ಓದಿ ಮುಗಿಸಿದ ಮೇಲೆ ಅವಳ ಹತ್ರ ಏನು ಮಾತಾಡ್ಬೇಕು ಅಂತ ತೋಚಲ್ಲ." ಸಮಸ್ಯೆಯ ತಿರುಳನ್ನು ಅವರೇ ಹೇಳಿದ್ದರು. ಮಗುವಿಗೆ ಕಥೆ ಓದಿ ಹೇಳುವುದರಲ್ಲಿ ಓದಿನಷ್ಟೇ ಕೆಲಸ ಮಾಡುವುದು ಅದರ ನಡುವಿನ ಮಾತು. ಆ ಮಾತು ಸಲೀಸಾಗಿ ಬರುವುದು ನಾವು ಅಡುಗೆಮನೆಯಲ್ಲಿ ಆಡುವ ಭಾಷೆಯಲ್ಲಿ. ಆದ್ದರಿಂದ ಶಾಲೆ ಇಂಗ್ಲಿಷಿನದಾಗಿದ್ದರೂ ಮನೆಯ ಓದು ಕನ್ನಡದಲ್ಲೇ ಇರಲಿ ಎಂದು ನಾನು ಅವರಿಗೆ ಹೇಳಿದೆ.

ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಿ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲು ಮನೆ. ಮಳೆ ಬಂದು ಸಗಣಿ ಮನೆ ಕರಗಿ ಹೋಗುತ್ತದೆ. ಮೊದಲೆರಡು ರಾತ್ರಿ ಸುಮ್ಮನೆ ಓದಿ, ಪ್ರಶ್ನೆ ಬೇಡ. ಮೂರನೆಯ ರಾತ್ರಿ ಮಳೆಯ ಚಿತ್ರ ಬಂದಾಗ ನಿಲ್ಲಿಸಿ, "ಕಾಗಕ್ಕನ ಮನೆ ಮಾತ್ರ ಯಾಕೆ ಕರಗಿತು?" ಎಂದು ಕೇಳಿ ಕಾಯಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಏಕೆಂದರೆ ಮಗು ಯೋಚಿಸುವ ಹೊತ್ತಿಗೆ ನಾವೇ ಉತ್ತರ ಹೇಳಿಬಿಡುವುದು ಬಹಳ ಸಾಮಾನ್ಯವಾದ ತಪ್ಪು. "ಸಗಣಿ ಮೆತ್ತಗೆ" ಎಂದು ಮಗು ಹೇಳಿತು ಅನ್ನಿ. "ಹೌದು, ಸಗಣಿ ಮೆತ್ತಗಿತ್ತು, ಮಳೆ ನೀರಲ್ಲಿ ಕರಗಿತು. ಕಲ್ಲು ಕರಗುತ್ತಾ?" ಎಂದು ಅದರ ಮಾತನ್ನೇ ಸ್ವಲ್ಪ ಬೆಳೆಸಿ ಹಿಂದಿರುಗಿಸಿ. ನಾಲ್ಕನೆಯ ರಾತ್ರಿ ಪುಸ್ತಕ ಮಗುವಿನ ಕೈಗೆ ಕೊಟ್ಟು, ಕಥೆ ಅದೇ ಹೇಳಲಿ. ಒಂದು ವಾರಕ್ಕೆ ಒಂದೇ ಪುಸ್ತಕ, ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ನ್ಯೂಯಾರ್ಕ್ ರಾಜ್ಯದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂದೆತಾಯಿಯರು ಹೀಗೆ ಕೇಳುತ್ತಾ, ಮಗುವಿನ ಮಾತನ್ನು ಬೆಳೆಸುತ್ತಾ ಓದಿದ ಒಂದೇ ತಿಂಗಳಲ್ಲಿ ಎರಡು ಮೂರು ವರ್ಷದ ಮಕ್ಕಳ ಮಾತು ಚುರುಕಾಗಿತ್ತು.

ಇದರಿಂದ ಶಾಲೆಯ ಇಂಗ್ಲಿಷಿಗೆ ಏನು ಲಾಭ? ಮುಂದೆ ವಿಜ್ಞಾನದ ಮೇಷ್ಟ್ರು ಸಕ್ಕರೆ ನೀರಿನಲ್ಲಿ 'ಡಿಸಾಲ್ವ್' ಆಗುತ್ತದೆ, ಕಲ್ಲು ಆಗುವುದಿಲ್ಲ ಎನ್ನುತ್ತಾರೆ. 'ಕರಗುವುದು' ಎಂದರೇನೆಂದು ಬಲ್ಲ ಮಗು ಅಲ್ಲಿ ಕಲಿಯಬೇಕಾದ್ದು ಒಂದು ಹೊಸ ಹೆಸರು ಮಾತ್ರ. ಬಲ್ಲದ ಮಗು ಹೆಸರನ್ನೂ ವಿಷಯವನ್ನೂ ಒಟ್ಟಿಗೆ ಹೊರಬೇಕು. ಒಂದು ಭಾಷೆಯಲ್ಲಿ ಗಟ್ಟಿಯಾದ ತಿಳಿವಳಿಕೆ ಇನ್ನೊಂದಕ್ಕೆ ಆಧಾರವಾಗುತ್ತದೆಂದು ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ವಾದಿಸಿದ್ದರು.

ಆದರೆ ಎಲ್ಲವೂ ಹೀಗೆ ದಾಟುವುದಿಲ್ಲ, ಇದನ್ನು ಪೋಷಕರು ತಿಳಿದಿರಬೇಕು. ಕನ್ನಡದ 'ಕ' ಎಲ್ಲಿ ಬಂದರೂ 'ಕ'ವೇ. ಇಂಗ್ಲಿಷಿನ 'ಸಿ' ಅಕ್ಷರ ಕ್ಯಾಟ್‌ನಲ್ಲಿ ಒಂದು ಬಗೆ, ಸಿಟಿಯಲ್ಲಿ ಇನ್ನೊಂದು ಬಗೆ. ಈ ಸ್ಪೆಲ್ಲಿಂಗಿನ ಪಾಠ ಕನ್ನಡ ಕಥೆಯಿಂದ ಬರುವುದಿಲ್ಲ, ಅದನ್ನು ಶಾಲೆಯೇ ಕ್ರಮವಾಗಿ ಕಲಿಸಬೇಕು. ಮಗು ಇಂಗ್ಲಿಷ್ ಪದ ಕೂಡಿಸಿ ಓದಲು ತಡವರಿಸಿದರೆ ಕನ್ನಡ ಕಥೆ ನಿಲ್ಲಿಸಬೇಡಿ. ಕಾರಣ ಅದಲ್ಲ.

ಮನೆಗಳಲ್ಲಿ ನಾನು ಹೆಚ್ಚು ಕಾಣುವ ಎಡವಟ್ಟು ಇಂಗ್ಲಿಷ್ ಪುಸ್ತಕ ಹಿಡಿದು ಸಾಲು ಸಾಲಿಗೂ ಕನ್ನಡಕ್ಕೆ ಅನುವಾದಿಸುವುದು. ಎರಡು ಸಾಲಿನೊಳಗೆ ಕಥೆಯ ಓಟ ತುಂಡಾಗುತ್ತದೆ, ಅರ್ಥ ಕನ್ನಡದಲ್ಲಿ ಬಂದೇ ಬರುತ್ತದೆಂದು ಗೊತ್ತಾದ ಮಗು ಇಂಗ್ಲಿಷ್ ಸಾಲನ್ನು ಕೇಳುವುದನ್ನೇ ಬಿಡುತ್ತದೆ. ಇಂಗ್ಲಿಷ್ ಕಥೆಯೂ ಬೇಕೆನಿಸಿದರೆ ಕನ್ನಡದಲ್ಲಿ ಪೂರ್ತಿ ಪರಿಚಯವಾದ ಕಥೆಯನ್ನೇ ವಾರಾಂತ್ಯದಲ್ಲಿ ಇಂಗ್ಲಿಷಿನಲ್ಲಿ ಓದಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಎರಡೂ ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ.

ಕನ್ನಡ ಪುಸ್ತಕದಲ್ಲೂ ಒಂದು ತೊಡಕಿದೆ. ಪುಸ್ತಕದಲ್ಲಿ 'ಹೋಗುತ್ತಿದ್ದಳು', ಮನೆಯಲ್ಲಿ 'ಹೋಗ್ತಿದ್ಲು'. ಧಾರವಾಡ, ಕಲಬುರಗಿಯ ಮನೆಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಅಚ್ಚಿನಲ್ಲಿದ್ದಂತೆಯೇ ಓದಿ, ನಡುವಿನ ಮಾತು ನಿಮ್ಮೂರಿನ ಕನ್ನಡದಲ್ಲಿರಲಿ. ಎರಡೂ ಮಗುವಿಗೆ ಬೇಕು. ಒಂದು ಪುಟದಲ್ಲಿ ನಾಲ್ಕೈದು ಪದಗಳನ್ನು ವಿವರಿಸಬೇಕಾಗಿ ಬಂದರೆ ಮಾತ್ರ ಆ ಪುಸ್ತಕ ಸದ್ಯಕ್ಕೆ ಬೇಡ. ಓದು ಬಾರದ ಅಜ್ಜಿಯೂ ಚಿತ್ರ ತೋರಿಸುತ್ತಾ ಕಥೆ ಹೇಳಬಹುದು, ಅದು ಓದಿಗೆ ಕಡಿಮೆಯದಲ್ಲ.

ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ "ಕನ್ನಡದಲ್ಲಿ ಹೇಳು" ಎಂದು ಗದರಬೇಡಿ. "ಹೌಸ್ ವೆಂಟ್" ಎಂದರೆ "ಹೌದು, ಮನೆ ಕೊಚ್ಚಿ ಹೋಯ್ತು" ಎಂದು ಮುಂದುವರಿಸಿ. ಪುಟ ತಿರುಗಿಸುವ ಮೊದಲೇ ಮುಂದಿನ ಮಾತು ಹೇಳುವುದು, ಒಂಟಿಯಾಗಿ ಕೂತು ಪುಸ್ತಕ ಹಿಡಿದು ತಾನೇ 'ಓದುವುದು', ಇವು ಓದು ಹಿಡಿಸಿದೆ ಎಂಬುದರ ಗುರುತುಗಳು.

ಎರಡನೇ ಕ್ಲಾಸಿಗೆ ಬಂದ ಮಗು ತಾನೇ ಓದತೊಡಗಿತೆಂದು ಹಲವರು ಓದಿ ಹೇಳುವುದನ್ನು ಬಿಟ್ಟುಬಿಡುತ್ತಾರೆ. ಆ ವಯಸ್ಸಿನ ಮಗು ಕೇಳಿ ಅರ್ಥಮಾಡಿಕೊಳ್ಳುವ ಕಥೆ, ತಾನೇ ಓದಬಲ್ಲ ಕಥೆಗಿಂತ ಬಹಳ ದೊಡ್ಡದು. ಸಾಕೆಂದು ಮಗುವೇ ಹೇಳುವವರೆಗೆ ದಯವಿಟ್ಟು ಓದಿ ಹೇಳಿ.