ಗಿಡ ಒಂದೋ, ಹಲವೋ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಮರವನ್ನು ಗಿಡವೆಂದೇ ಕರೆಯುವ ವಾಡಿಕೆಯುಂಟು. ಬೇವಿನ ಗಿಡ, ಹುಣಸೆಯ ಗಿಡ, ಮಾವಿನ ಗಿಡ ಎಂದರೆ ಇಲ್ಲಿ ನೆರಳು ಕೊಡುವ ದೊಡ್ಡ ಮರಗಳೇ ಹೊರತು ಮೊಳದುದ್ದದ ಸಸಿಗಳಲ್ಲ. ಈ ಗಿಡವೆಂಬ ಶಬ್ದವನ್ನು ಹಿಡಿದುಕೊಂಡೇ ನಾವು ವ್ಯಾಕರಣದ ಒಂದು ವಿಷಯವನ್ನು ವಿಚಾರಿಸಬೇಕೆಂದಿದ್ದೇವೆ.

"ಹಿತ್ತಲದಾಗ ಬೇವಿನ ಗಿಡ ಐತಿ" ಎಂದು ಹಳ್ಳಿಯ ಅಜ್ಜಿಯೊಬ್ಬಳು ಹೇಳಿದರೆ, ಅಲ್ಲಿ ಒಂದು ಬೇವು ಇರುವುದೆಂದು ನಾವು ತಿಳಿಯುವೆವು. "ಹಿತ್ತಲದಾಗ ಬೇವಿನ ಗಿಡ ಅದಾವ" ಎಂದರೆ ಹಲವು ಇರುವುವೆಂದು ತಿಳಿಯುವೆವು. ಎರಡು ವಾಕ್ಯಗಳಲ್ಲಿಯೂ ಗಿಡವೆಂಬ ಪದವು ಒಂದೇ ರೂಪದಲ್ಲಿದೆ. 'ಗಳು' ಎಂಬ ಪ್ರತ್ಯಯವು ಎಲ್ಲಿಯೂ ಸೇರಿಲ್ಲ. ಸಂಖ್ಯೆಯನ್ನು ತಿಳಿಸಿದುದು ನಾಮಪದವಲ್ಲ, ಕ್ರಿಯಾಪದವು. ಗ್ರಾಂಥಿಕ ಭಾಷೆಯಲ್ಲಿ ಇದನ್ನೇ 'ಗಿಡವಿದೆ', 'ಗಿಡವಿವೆ' ಎಂದು ಬರೆಯಬಹುದು. ಇಂಗ್ಲಿಷ ವ್ಯಾಕರಣವನ್ನು ಓದುತ್ತಿರುವ ನಮ್ಮ ವಿದ್ಯಾರ್ಥಿನಿಯರು ಎರಡನೆಯ ವಾಕ್ಯವನ್ನು ಕಂಡೊಡನೆ 'ಗಿಡಗಳು' ಎಂದು ತಿದ್ದಲು ಮುಂದಾಗುವರು. ತಿದ್ದಿದ ವಾಕ್ಯವು ತಪ್ಪಲ್ಲ. ಆದರೆ ತಿದ್ದುವ ಮೊದಲಿನದೂ ತಪ್ಪಾಗಿರಲಿಲ್ಲ. ಅಜ್ಜಿಯ ಮಾತು ಒಡೆದ ಕನ್ನಡವೆಂದು ಎಣಿಸುವ ಅಭ್ಯಾಸವು ಶಾಲೆಯ ಹೆಣ್ಣುಮಕ್ಕಳಲ್ಲಿ ಬೇಗ ಬೇರೂರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯವಾಗಿದೆ.

ಇಂಗ್ಲಿಷಿನಲ್ಲಿ ಮರವೆಂಬ ನಾಮವನ್ನು ಆಡಬೇಕಾದರೆ ಒಂದೋ ಹಲವೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಕನ್ನಡದಲ್ಲಿ ಆ ನಿರ್ಬಂಧವಿಲ್ಲ. ನಮ್ಮ ನಪುಂಸಕ ನಾಮವು ಮೊದಲು ಜಾತಿಯನ್ನು ಹೆಸರಿಸುವುದು. ಆ ಜಾತಿಯ ಎಷ್ಟು ವ್ಯಕ್ತಿಗಳೆಂಬುದನ್ನು ಬೇಕಾದರೆ ಮಾತ್ರ ಹೇಳುವುದು. ತಿರುನೆಲ್ವೇಲಿಯ ಪ್ರಾಂತದಲ್ಲಿ ಮಿಶನರಿಯಾಗಿದ್ದ ಕಾಲ್ಡ್‌ವೆಲ್ಲರು 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣದಲ್ಲಿ ಈ ಗುಣವನ್ನು ಗುರುತಿಸಿದ್ದಾರೆ. ಮನುಷ್ಯರನ್ನು ಹೇಳುವ ನಾಮಗಳಿಗೆ ಬಹುವಚನವು ತಪ್ಪದೆ ಬರುವುದು, ಉಳಿದವುಗಳಿಗೆ ವಿರಳವಾಗಿ ಬರುವುದು, ಅಲ್ಲಿ ಏಕವಚನದ ರೂಪವೇ ಸಂದರ್ಭದಿಂದ ಹಲವನ್ನೂ ಸೂಚಿಸುವುದು ಎಂಬುದು ಅವರ ಅಭಿಪ್ರಾಯದ ಸಾರ. ಇದು ತಮಿಳಿಗೆ ಸಲ್ಲುವಷ್ಟೇ ನಮ್ಮ ಕೃಷ್ಣಾ-ಘಟಪ್ರಭಾ ತೀರದ ಕನ್ನಡಕ್ಕೂ ಸಲ್ಲುವುದು.

ಆದರೆ ನಾಮವು ಸುಮ್ಮನಿದ್ದರೆ ಸಂಖ್ಯೆಯು ಕಳೆದುಹೋಗುವುದಿಲ್ಲ. 'ಗಿಡವೆಲ್ಲ ಒಣಗಿತು' ಎಂಬುದನ್ನೂ 'ಗಿಡವೆಲ್ಲ ಒಣಗಿದವು' ಎಂಬುದನ್ನೂ ಹೋಲಿಸಿ ನೋಡಿರಿ. ಮೊದಲನೆಯದರಲ್ಲಿ ಒಂದೇ ಗಿಡವು ಬುಡದಿಂದ ತುದಿಯವರೆಗೆ ಒಣಗಿದೆ. ಎರಡನೆಯದರಲ್ಲಿ ತೋಟದ ಗಿಡಗಳೆಲ್ಲ ಒಣಗಿವೆ. 'ಎಲ್ಲ' ಎಂಬ ಮಾತು ಎರಡರಲ್ಲಿಯೂ ಇದೆ, ಗಿಡವೂ ಅದೇ ಗಿಡ. ವಾಕ್ಯದ ಕೊನೆಯ ಒಂದೆರಡು ಅಕ್ಷರಗಳು ಮಾತ್ರ ಒಂದು ಗಿಡದ ರೋಗವನ್ನು ಒಂದು ತೋಟದ ನಾಶವಾಗಿ ಮಾರ್ಪಡಿಸಿವೆ. ನಮ್ಮ ಸೀಮೆಯ ಆಡುಮಾತು 'ಒಣಗೈತಿ', 'ಒಣಗ್ಯಾವ' ಎಂದು ಈ ಭೇದವನ್ನು ಬಿಗಿಯಾಗಿ ಕಾಪಾಡಿಕೊಂಡಿದೆ. ದಕ್ಷಿಣದ ಪಟ್ಟಣಗಳ ಸಂಭಾಷಣೆಯಲ್ಲಿ 'ಹತ್ತು ಮರ ಇದೆ' ಎಂದು ಏಕವಚನದ ಕ್ರಿಯೆಯನ್ನೇ ಕೇಳುವುದುಂಟು; ಇಲ್ಲಿಯ ರೈತನು 'ಹತ್ತು ಗಿಡ ಅದಾವ' ಎಂದಲ್ಲದೆ ಹೇಳನು. ಈ ವಿಷಯದಲ್ಲಿ ನಮ್ಮ ಹಳ್ಳಿಯ ಮಾತೇ ವ್ಯಾಕರಣಕ್ಕೆ ಹೆಚ್ಚು ಸಮೀಪವಾಗಿದೆಯೆಂದು ನಾವು ಸಂಕೋಚವಿಲ್ಲದೆ ಹೇಳುವೆವು.

ಗಿಡವಾದರೋ ತಾನೇ ಎಣಿಕೆಗೆ ಸಿಕ್ಕುವ ವಸ್ತು. ಜೋಳ, ನೂಲು, ಬೆಲ್ಲ ಮೊದಲಾದುವು ಹಾಗಲ್ಲ. 'ಮೂರು ಜೋಳ' ಎಂದು ಯಾರೂ ಹೇಳುವುದಿಲ್ಲ. ಇವು ರಾಶಿಯ ಹೆಸರುಗಳು. ಇವನ್ನು ಎಣಿಸಬೇಕಾದರೆ ಬಿಡಿಯನ್ನು ಹೇಳುವ ಇನ್ನೊಂದು ನಾಮವನ್ನು ಕರೆತರಬೇಕು. ಜೋಳಕ್ಕೆ ಕಾಳು ಅಥವಾ ತೆನೆ, ನೂಲಿಗೆ ಎಳೆ, ಬೆಲ್ಲಕ್ಕೆ ಪೆಂಟಿ, ಹೀಗೆ ಪ್ರತಿಯೊಂದು ರಾಶಿಗೂ ತನ್ನದೇ ಆದ ಬಿಡಿಹೆಸರುಂಟು. ಬನಹಟ್ಟಿಯ ನೇಕಾರನು 'ನೂಲು ಬಂದಿತು' ಎಂದು ಏಕವಚನದಲ್ಲಿ ಹೇಳುವನು, ಬಂದುದು ಎಷ್ಟೇ ದೊಡ್ಡ ಗಂಟಾಗಿರಲಿ. ಮಗ್ಗದ ಮೇಲೆ ಹಾಸು ಕೆಟ್ಟಾಗ ಮಾತ್ರ 'ಎಳೆ ಹರಿದವು' ಎನ್ನುವನು. ನೂಲಿನಲ್ಲಿ ಅವನಿಗೆ ಬಿಡಿಗಳು ಕಾಣಿಸವು. ಎಳೆಯಲ್ಲಿ ಕಾಣಿಸುವುವು, ಏಕೆಂದರೆ ಅವುಗಳನ್ನು ಒಂದೊಂದಾಗಿ ಹುಡುಕಿ ಗಂಟುಹಾಕುವ ಕೆಲಸವು ಅವನ ಪಾಲಿಗೆ ಬಂದಿದೆ.

ಅಳತೆಯ ಮಾತುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. 'ನಾಲ್ಕು ಸೇರು ಜೋಳ ಉಳಿದಿದೆ' ಎನ್ನುವೆವು. 'ನಾಲ್ಕು ಚೀಲ ಜೋಳ ಉಳಿದಿವೆ' ಎನ್ನುವೆವು. ಸೇರು ಅಳೆದ ಮೇಲೆ ರಾಶಿಯಲ್ಲಿ ಬೆರೆತುಹೋಗುವುದು, ನಾಲ್ಕು ಸೇರುಗಳು ಬೇರೆ ಬೇರೆಯಾಗಿ ನಿಲ್ಲಲಾರವು. ಆದುದರಿಂದ ಕ್ರಿಯೆಯು ಜೋಳವನ್ನು ಅನುಸರಿಸಿ ಏಕವಚನದಲ್ಲಿ ನಿಲ್ಲುವುದು. ಚೀಲಗಳು ಗೋಡೆಗೆ ಒರಗಿ ಕಣ್ಣೆದುರಿಗೆ ನಿಂತಿರುವುವು. ಆದುದರಿಂದ ಕ್ರಿಯೆಯು ಚೀಲವನ್ನು ಅನುಸರಿಸುವುದು. ಬಾಯಿಮಾತಿನಲ್ಲಿ ಇದು ಅತ್ತಿತ್ತ ಸರಿಯುವುದುಂಟು. ನಾವು ಹೇಳುವುದು ಒಲವನ್ನು, ಕಟ್ಟಳೆಯನ್ನಲ್ಲ.

ರಾಶಿಗೊಂದು ಹೆಸರು, ಬಿಡಿಗೊಂದು ಹೆಸರು ಎಂಬ ಏರ್ಪಾಡು ಕನ್ನಡಕ್ಕೆ ಮಾತ್ರ ಮೀಸಲಾದುದಲ್ಲ. ಅರಬ್ಬಿಯಲ್ಲಿ 'ಶಜರ್' ಎಂದರೆ ಮರಗಳ ಸಮುದಾಯ. ಅದಕ್ಕೆ ಕೊನೆಯಲ್ಲಿ ಒಂದು ಪ್ರತ್ಯಯವನ್ನು ಹಚ್ಚಿ 'ಶಜರಾ' ಎಂದರೆ ಒಂದೇ ಮರ. ನಾವು ಒಂದರಿಂದ ಹಲವನ್ನು ಮಾಡಲು ಪ್ರತ್ಯಯ ಹಚ್ಚುವೆವು. ಅವರು ಹಲವರಿಂದ ಒಂದನ್ನು ಬಿಡಿಸಲು ಹಚ್ಚುವರು. ಸಮುದಾಯವಾಚಕವಾದ ಶಜರ್ ಅವರಲ್ಲಿ ಪುಲ್ಲಿಂಗದ ಏಕವಚನದಂತೆ ನಡೆಯುವುದು. ಬಿಡಿಯಾದ ಶಜರಾ ಸ್ತ್ರೀಲಿಂಗವಾಗುವುದು. ಮೂರು, ನಾಲ್ಕು ಎಂದು ಎಣಿಸುವಾಗ ಶಜರ್ ಒದಗದೆ, ಶಜರಾ ಎಂಬುದರ ಬಹುವಚನವಾದ 'ಶಜರಾತ್' ಬರುವುದು. ಅದರ ಸೋದರ ಭಾಷೆಯಾದ ಹೀಬ್ರೂವಿನಲ್ಲಿಯೂ ಇಂಥ ಜೋಡಿಗಳುಂಟು. 'ಸೇಆರ್' ಎಂದರೆ ಕೂದಲಿನ ರಾಶಿ, 'ಸಆರಾ' ಎಂದರೆ ಒಂದು ಕೂದಲೆಳೆ. ಯೋನಾತಾನನ ತಲೆಯ ಕೂದಲೊಂದೂ ನೆಲಕ್ಕೆ ಬೀಳಬಾರದೆಂದು ಜನರು ಸೌಲನಿಗೆ ಹೇಳುವ ಪ್ರಸಂಗದಲ್ಲಿ, ಎಂದರೆ ಸಮುವೇಲನ ಮೊದಲನೆಯ ಗ್ರಂಥದ 14ನೆಯ ಅಧ್ಯಾಯದ 45ನೆಯ ವಚನದಲ್ಲಿ, ಮೂಲದಲ್ಲಿರುವುದು ಈ ಬಿಡಿಶಬ್ದವೇ. ಹೀಬ್ರೂ ಒಂದು ಪ್ರತ್ಯಯದಿಂದ ಹೇಳಿದುದಕ್ಕೆ ನಾವು 'ಒಂದು' ಎಂಬ ಸಂಖ್ಯೆಯನ್ನೋ 'ಎಳೆ' ಎಂಬ ನಾಮವನ್ನೋ ಸೇರಿಸಬೇಕು.

ಅರಬ್ಬಿಯ ಕೆಲವು ಸಮೂಹಶಬ್ದಗಳು ಫಾರಸಿಯ ದಾರಿಯಿಂದ ನಮ್ಮಲ್ಲಿಗೂ ಬಂದಿವೆ. ಮೇಲೆ ನಾವೇ ಉಪಯೋಗಿಸಿದ 'ರೈತ' ಎಂಬುದನ್ನು ನೋಡಿರಿ. ಅದರ ಮೂಲವಾದ 'ರಇಯ್ಯಾ' ಎಂಬುದಕ್ಕೆ ಕುರುಬನು ಕಾಯುವ ಮಂದೆಯೆಂದೂ ಅರಸನು ಕಾಯುವ ಪ್ರಜಾಸಮೂಹವೆಂದೂ ಅರ್ಥ. ಮಂದೆಯಾಗಿ ಹೊರಟ ಶಬ್ದವು ನಮ್ಮ ಹೊಲಗಳನ್ನು ಮುಟ್ಟುವಷ್ಟರಲ್ಲಿ ಒಬ್ಬನೇ ಮನುಷ್ಯನಾಯಿತು. ಇನ್ನು ಹಲವರನ್ನು ಹೇಳಬೇಕಾದರೆ 'ರೈತರು' ಎಂದು ಹೊಸದಾಗಿ ಬಹುವಚನವನ್ನು ಮಾಡಬೇಕು. 'ಅಸಾಮಿ' ಎಂಬುದೂ ಹೀಗೆಯೇ. ಮೂಲದಲ್ಲಿ ಅದು 'ಹೆಸರುಗಳು' ಎಂಬ ಬಹುವಚನ, ನಮ್ಮಲ್ಲಿ ಒಬ್ಬ ವ್ಯಕ್ತಿ.

ಮನುಷ್ಯರ ವಿಷಯಕ್ಕೆ ಬಂದರೆ ಕನ್ನಡವು ತನ್ನ ಔದಾಸೀನ್ಯವನ್ನು ಬಿಡುವುದು. 'ಹುಡುಗಿ ಬಂದರು' ಎಂದು ಹಲವರ ಅರ್ಥದಲ್ಲಿ ಹೇಳುವಂತಿಲ್ಲ; 'ಹುಡುಗಿಯರು' ಎನ್ನಲೇಬೇಕು. ಆದರೂ 'ಜನ', 'ಮಂದಿ' ಎಂಬ ಎರಡು ಶಬ್ದಗಳು ಬಾಗಿಲಲ್ಲಿ ನಿಂತಂತೆ ಒಂದು ಕಾಲನ್ನು ಒಳಗೂ ಒಂದು ಕಾಲನ್ನು ಹೊರಗೂ ಇಟ್ಟಿವೆ. 'ಜಾತ್ರೆಗೆ ಜನ ಬಹಳ ಸೇರಿತ್ತು' ಎಂದರೆ ಜನವು ಒಂದು ರಾಶಿ, ಜೋಳದಂತೆ. 'ಜನ ಬಹಳ ಸೇರಿದ್ದರು' ಎಂದರೆ ಮುಖಗಳುಳ್ಳ ಮನುಷ್ಯರು. ಎರಡೂ ಸಾಧುವೇ, 'ಜನಕ್ಕೆ' 'ಜನರಿಗೆ' ಎಂಬ ಎರಡು ರೂಪಗಳಿರುವುದೂ ಇದೇ ಕಾರಣದಿಂದ. ಆದರೆ ಸಂಖ್ಯೆಯೊಂದು ಮುಂದೆ ಬಂದಿತೋ, ಆಯ್ಕೆಯು ಮುಗಿಯಿತು. 'ಹತ್ತು ಜನ ಬಂದರು' ಎನ್ನಬೇಕು. 'ಹತ್ತು ಜನ ಬಂದಿತು' ಎಂಬುದು ಕಿವಿಗೆ ಒಗ್ಗದು. ಎಣಿಸಿದ ಕ್ಷಣದಲ್ಲಿಯೇ ರಾಶಿಯು ಒಡೆದು ವ್ಯಕ್ತಿಗಳಾಗುವುದು.

ಹೀಗೆ ನಾಮವು ಮೌನವಾಗಿದ್ದು ಕ್ರಿಯೆಯು ಮಾತಾಡುವುದಾದರೆ, ಕ್ರಿಯೆಯೇ ಇಲ್ಲದ ಬರಹದಲ್ಲಿ ಏನಾಗುವುದು? ಒಂದು ವಾಟಣಿಪತ್ರವನ್ನು ಕಲ್ಪಿಸಿಕೊಳ್ಳೋಣ. ಮುಧೋಳದ ಕಡೆಯ ಒಂದು ಮನೆತನದಲ್ಲಿ ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಳ್ಳುವರು. ಬಾವಿಯ ದಂಡೆಯಲ್ಲಿ ಮಾವಿನ ಗಿಡ ಮೂರು ಇವೆ. ಪತ್ರದಲ್ಲಿ "ಬಾವಿಯ ಮೇಲಿನ ಮಾವಿನ ಗಿಡ ಅಣ್ಣನಿಗೆ" ಎಂದು ಬರೆಯಲಾಗಿದೆ. ಬರೆದವನಿಗೆ ಮೂರೂ ಗಿಡಗಳು ಮನಸ್ಸಿನಲ್ಲಿದ್ದುವು. ಮೂವತ್ತು ವರ್ಷಗಳಾದ ಮೇಲೆ ಓದುವ ತಮ್ಮನ ಮಗನಿಗೆ ಒಂದೇ ಗಿಡ ಕಾಣಿಸುವುದು. ಇಬ್ಬರ ಓದೂ ಕನ್ನಡಕ್ಕೆ ಹೊಂದುವುದು. 'ಈ' ಎಂಬ ಗುಣವಾಚಕವನ್ನು ಸೇರಿಸಿ 'ಈ ಮಾವಿನ ಗಿಡ' ಎಂದರೂ ಪ್ರಯೋಜನವಿಲ್ಲ, ಏಕೆಂದರೆ 'ಈ' ಎಂಬುದು ಒಂದಕ್ಕೂ ಹಲವಕ್ಕೂ ಸಮಾನ. "ಗಿಡವನ್ನು ಕೊಡಲಾಗಿದೆ" ಎಂದು ಬರೆದರೆ ಮತ್ತಷ್ಟು ತೊಡಕು. 'ಕೊಡಲಾಗಿದೆ' ಎಂಬ ಕ್ರಿಯೆಯು ಗಿಡವನ್ನು ಅನುಸರಿಸುವುದೇ ಇಲ್ಲ. 'ಅನ್ನು' ಎಂಬ ವಿಭಕ್ತಿಯಾದರೋ ಗೊತ್ತಾದ ಒಂದನ್ನೇ ಬೆರಳಿಟ್ಟು ತೋರಿಸಿದಂತೆ ಕೇಳಿಸುವುದು. 'ಗಿಡ ಹಚ್ಚಿದರು' ಎಂದರೆ ಎಷ್ಟೂ ಇರಬಹುದು, 'ಗಿಡವನ್ನು ಹಚ್ಚಿದರು' ಎಂದರೆ ಒಂದರ ಕಡೆಗೆ ಮನಸ್ಸು ವಾಲುವುದು.

"ಗಿಡ ಅಣ್ಣನವು" ಎಂದು ಬರೆದಿದ್ದರೆ 'ಅಣ್ಣನದು' ಎಂಬುದಕ್ಕೆ ಬದಲಾಗಿ ಬಂದ ಆ 'ವು' ಒಂದೇ ವ್ಯಾಜ್ಯವನ್ನು ತಡೆಯುತ್ತಿತ್ತು. ಆದರೂ ಅದು ಮೂರೆಂದು ಹೇಳದು, ಒಂದಲ್ಲವೆಂದು ಮಾತ್ರ ಹೇಳುವುದು. ನಾಲ್ಕನೆಯದೊಂದು ಬಿದ್ದ ಬೀಜದಿಂದ ತಾನಾಗಿ ಬೆಳೆದು ನಿಂತರೆ ಅದು ಯಾರದೆಂಬ ಪ್ರಶ್ನೆ ಮತ್ತೆ ಏಳುವುದು. ಇಂಥಲ್ಲಿ ವ್ಯಾಕರಣದ ಪ್ರತ್ಯಯಕ್ಕಿಂತ ಅಂಕಿಯೇ ಹೆಚ್ಚು ನೆಚ್ಚಿಕೆಯದು: "ಬಾವಿಯ ದಂಡೆಯ ಮೇಲೆ ಈಗ ಇರುವ ಮಾವಿನ ಗಿಡ 3, ಅಕ್ಷರದಲ್ಲಿ ಮೂರು, ಇವು ಅಣ್ಣನವು."